ಟರ್ಬೊಪ್ರಾಪ್ ಮತ್ತು ಟರ್ಬೊಫ್ಯಾನ್: ಪ್ರಾದೇಶಿಕ ಹಾರಾಟದ ಇಂಧನ ಲೆಕ್ಕ

ಸುಮಾರು ಇನ್ನೂರರಿಂದ ಸಾವಿರ ಕಿ.ಮೀ. ದೂರದ ಊರುಗಳ ನಡುವೆ ಹಾರುವ ಐವತ್ತರಿಂದ ಎಂಬತ್ತು ಆಸನಗಳ ವಿಮಾನಗಳಲ್ಲಿ ಎರಡು ಬಗೆಯ ಎಂಜಿನ್ ಬಳಕೆಯಲ್ಲಿವೆ. ಎರಡರ ಒಡಲಲ್ಲಿಯೂ ಇರುವುದು ಗ್ಯಾಸ್ ಟರ್ಬೈನೇ. ಅದರ ಶಕ್ತಿ ಗೇರುಪೆಟ್ಟಿಗೆಯ ಮೂಲಕ ಹೊರಗಿನ ದೊಡ್ಡ ಪ್ರೊಪೆಲರನ್ನು ತಿರುಗಿಸಿದರೆ ಅದು ಟರ್ಬೊಪ್ರಾಪ್. ಕೊಳವೆಯಂಥ ಕವಚದೊಳಗಿನ ಫ್ಯಾನನ್ನು ತಿರುಗಿಸಿದರೆ ಟರ್ಬೊಫ್ಯಾನ್. ರೂಢಿಯಲ್ಲಿ ಜೆಟ್ ಎನ್ನುವುದು ಇದನ್ನೇ. ಯಾವುದು ಮಿತವ್ಯಯಿ ಎಂಬ ಪ್ರಶ್ನೆಗೆ ವೇಗ ಮತ್ತು ದೂರವನ್ನು ಹೇಳದೆ ಉತ್ತರವಿಲ್ಲ. ಎರಡೂ ಬಗೆಯ ವಿಮಾನಗಳು ಹಾರಿದ ಕಲಬುರಗಿ–ಬೆಂಗಳೂರು ಮಾರ್ಗ ಇದನ್ನು ಪರಿಶೀಲಿಸಲು ಒಳ್ಳೆಯ ನಿದರ್ಶನ.

ಗಾಳಿಯನ್ನು ಹಿಂದಕ್ಕೆ ತಳ್ಳುವ ಬಗೆ

ವಿಮಾನ ಮುಂದೆ ಸಾಗುವುದು ಗಾಳಿಯನ್ನು ಹಿಂದಕ್ಕೆ ತಳ್ಳಿ. ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳಿದರೂ, ಕಡಿಮೆ ಗಾಳಿಯನ್ನು ಜೋರಾಗಿ ತಳ್ಳಿದರೂ ಅಷ್ಟೇ ನೂಕುಬಲ ಸಿಗುತ್ತದೆ. ಆದರೆ ಖರ್ಚು ಒಂದೇ ಅಲ್ಲ. ಹಿಂದೆ ಉಳಿದ ಗಾಳಿಯಲ್ಲಿ ಎಷ್ಟು ವೇಗ ಉಳಿದಿದೆಯೋ ಅಷ್ಟು ಶಕ್ತಿ ವ್ಯರ್ಥವಾಯಿತೆಂದೇ ಅರ್ಥ. ವಿಮಾನದ ವೇಗ V0, ಹಿಂದಕ್ಕೆ ಹೊರಡುವ ಗಾಳಿಯ ವೇಗ Ve ಆದರೆ ಆದರ್ಶ ನೂಕುದಕ್ಷತೆ ಹೀಗಿದೆ:

η = 2 / (1 + Ve/V0)

ಗಾಳಿ ವಿಮಾನದ ಒಂದೂವರೆ ಪಟ್ಟು ವೇಗದಲ್ಲಿ ಹೊರಟರೆ ದಕ್ಷತೆ ಶೇ. 80, ಎರಡು ಪಟ್ಟಾದರೆ ಶೇ. 67. ಏಟಿಆರ್ 72 ವಿಮಾನದ ಪ್ರೊಪೆಲರಿನ ವ್ಯಾಸ 3.93 ಮೀಟರ್. ಅಷ್ಟು ಅಗಲದ ಗಾಳಿಯನ್ನು ಅದು ಸೆಕೆಂಡಿಗೆ ಕೆಲವೇ ಮೀಟರ್ ಹೆಚ್ಚು ವೇಗಕ್ಕೆ ತಳ್ಳಿದರೆ ಸಾಕಾಗುತ್ತದೆ. ಸೂತ್ರದ ಪ್ರಕಾರ ಇದರ ದಕ್ಷತೆ ಶೇ. 95ನ್ನೂ ಮೀರಬೇಕು. ಅಲಗುಗಳ ಘರ್ಷಣೆ ಮತ್ತು ಗಾಳಿಯ ಸುಳಿಯಲ್ಲಿ ಕಳೆದುಹೋಗುವ ಶಕ್ತಿಯನ್ನು ತೆಗೆದರೆ ಶೇ. 85ರ ಆಸುಪಾಸಿಗೆ ನಿಲ್ಲುತ್ತದೆ. ಸಣ್ಣ ಜೆಟ್ಟಿನ ಫ್ಯಾನಿನ ಅಗಲ ಇದರ ಅರ್ಧವೂ ಇಲ್ಲದ ಕಾರಣ ಅದು ಜೋರಾಗಿಯೇ ಊದಬೇಕು.

ಅಲಗಿನ ತುದಿಯ ಮಿತಿ

ಹಾಗಿದ್ದರೆ ಎಲ್ಲ ವಿಮಾನಗಳಿಗೂ ಪ್ರೊಪೆಲರನ್ನೇ ಏಕೆ ಹಾಕುವುದಿಲ್ಲ? ಉತ್ತರ ಅಲಗಿನ ತುದಿಯಲ್ಲಿದೆ. ಏಟಿಆರ್ 72ರ ಪ್ರೊಪೆಲರು ಸಮಹಾರಾಟದಲ್ಲಿ ನಿಮಿಷಕ್ಕೆ ಸುಮಾರು 984 ಸುತ್ತು ತಿರುಗುತ್ತದೆ. ವ್ಯಾಸ 3.93 ಮೀಟರ್ ಆದ್ದರಿಂದ ತುದಿ ಸೆಕೆಂಡಿಗೆ ಸುಮಾರು 202 ಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ಜೊತೆಗೇ ವಿಮಾನ ಗಂಟೆಗೆ 510 ಕಿ.ಮೀ., ಅಂದರೆ ಸೆಕೆಂಡಿಗೆ 142 ಮೀಟರ್ ಮುಂದೆ ಹೋಗುತ್ತಿರುತ್ತದೆ. ಈ ಎರಡು ಚಲನೆಗಳು ಲಂಬಕೋನದಲ್ಲಿ ಕೂಡುವುದರಿಂದ ತುದಿಯ ನಿಜವಾದ ವೇಗ ಸೆಕೆಂಡಿಗೆ 247 ಮೀಟರ್. 20,000 ಅಡಿ ಎತ್ತರದ ತಂಪು ಗಾಳಿಯಲ್ಲಿ ಶಬ್ದದ ವೇಗ ಸುಮಾರು 316 ಮೀಟರ್. ತುದಿ ಶಬ್ದವೇಗದ ಶೇ. 78ರಲ್ಲಿ ನೆಮ್ಮದಿಯಾಗಿ ಇದೆ.

ಅದೇ ಪ್ರೊಪೆಲರನ್ನು ಜೆಟ್ಟಿನ ವೇಗಕ್ಕೆ, ಗಂಟೆಗೆ 800 ಕಿ.ಮೀ.ಗೆ ಒಯ್ದರೆ ತುದಿಯ ವೇಗ ಸೆಕೆಂಡಿಗೆ 300 ಮೀಟರ್ ಆಗುತ್ತದೆ. 35,000 ಅಡಿಯಲ್ಲಿ ಶಬ್ದದ ವೇಗವೇ 297 ಮೀಟರ್. ತುದಿ ಶಬ್ದವೇಗ ದಾಟಿದ ಕೂಡಲೇ ಅಲಗಿನ ಮೇಲೆ ಆಘಾತ ಅಲೆಗಳು ಎದ್ದು ಎಳೆತ ಏರುತ್ತದೆ, ದಕ್ಷತೆ ಕುಸಿಯುತ್ತದೆ, ಸದ್ದು ಸಹಿಸಲಾಗದಷ್ಟಾಗುತ್ತದೆ. ನಿಧಾನವಾಗಿ ತಿರುಗಿಸಿ ಇದನ್ನು ಸ್ವಲ್ಪ ಮುಂದೂಡಬಹುದು. ಸೋವಿಯತ್ ತುಪೊಲೆವ್ 114 ವಿಮಾನ ವಿರುದ್ಧ ದಿಕ್ಕಿಗೆ ತಿರುಗುವ ಜೋಡಿ ಪ್ರೊಪೆಲರುಗಳಿಂದ ಜೆಟ್ಟಿನ ಹತ್ತಿರದ ವೇಗ ಮುಟ್ಟಿತ್ತು. ಅದರ ಗದ್ದಲವೂ ಅಷ್ಟೇ ಪ್ರಸಿದ್ಧ. ಫ್ಯಾನಿಗೆ ಈ ತೊಡಕು ಕಡಿಮೆ. ಕವಚದ ಬಾಯಿ ಒಳಬರುವ ಗಾಳಿಯನ್ನು ಮೊದಲೇ ನಿಧಾನಿಸಿ ಕೊಡುತ್ತದೆ, ಅಲಗುಗಳು ಚಿಕ್ಕವು, ತುದಿಯ ಸುತ್ತ ಗೋಡೆಯಿದೆ. ಸ್ಥೂಲವಾಗಿ ಗಂಟೆಗೆ 600–650 ಕಿ.ಮೀ.ವರೆಗೆ ಪ್ರೊಪೆಲರಿನ ಕೈ ಮೇಲು, ಅಲ್ಲಿಂದಾಚೆ ಫ್ಯಾನಿನದು.

ಕಲಬುರಗಿ–ಬೆಂಗಳೂರು: ಒಂದೇ ದಾರಿ, ಎರಡು ವಿಮಾನ

ಶ್ರೀನಿವಾಸ ಸರಡಗಿ ಬಳಿಯ ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಉಡಾನ್ ಯೋಜನೆಯಡಿ ಮೊದಲು ಬಂದದ್ದು ಸ್ಟಾರ್ ಏರ್ ಸಂಸ್ಥೆಯ 50 ಆಸನಗಳ ಎಂಬ್ರೇಯರ್ 145 ಜೆಟ್. ಕೆಲವೇ ವಾರಗಳಲ್ಲಿ ಅಲಯನ್ಸ್ ಏರ್ ಸಂಸ್ಥೆಯ 70 ಆಸನಗಳ ಏಟಿಆರ್ 72 ಟರ್ಬೊಪ್ರಾಪ್ ಕೂಡ ಇಲ್ಲಿಗೆ ಬಂತು. ಎರಡೂ ವಿಮಾನಗಳ ಗರಿಷ್ಠ ಹಾರಾಟ ತೂಕ ಹೆಚ್ಚುಕಡಿಮೆ ಒಂದೇ, 22–23 ಟನ್. ಹೋಲಿಕೆಗೆ ಇದಕ್ಕಿಂತ ಅನುಕೂಲದ ಜೋಡಿ ವಿರಳ.

ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 464 ಕಿ.ಮೀ. ವಾಯುಮಾರ್ಗದ ತಿರುವುಗಳನ್ನು ಬದಿಗಿಟ್ಟು ನೇರ ಗೆರೆಯ ಮೇಲೆಯೇ ಲೆಕ್ಕ ಹಾಕೋಣ. ಜೆಟ್ ಮಿತವಾಗಿ ಇಂಧನ ಸುಡುವುದು ಎತ್ತರದ ತೆಳು ಗಾಳಿಯಲ್ಲಿ. ಅದಕ್ಕಾಗಿ 30,000 ಅಡಿಗೆ ಏರಬೇಕು. ಏರಲು ಸುಮಾರು 18 ನಿಮಿಷ, 180 ಕಿ.ಮೀ. ಬೇಕು. ಕಲಬುರಗಿಯಿಂದ ಹೊರಟ ಜೆಟ್ ಏರಿ ಮುಗಿಸುವ ಹೊತ್ತಿಗೆ ಕೃಷ್ಣೆ, ತುಂಗಭದ್ರೆಗಳನ್ನು ದಾಟಿ ಆದೋನಿಯ ಮೇಲೆ ಬಂದಿರುತ್ತದೆ. ಇಳಿಯುವುದಕ್ಕೂ ಅಷ್ಟೇ ದೂರ ಬೇಕಾದ್ದರಿಂದ ಅನಂತಪುರಕ್ಕೆ ಬರುವ ಮುನ್ನವೇ ಪೈಲಟ್ ಎಂಜಿನ್ ತಗ್ಗಿಸಿ ಇಳಿಯತೊಡಗಬೇಕು. ಉಳಿದದ್ದು ನೂರು ಕಿ.ಮೀ. ಚಿಲ್ಲರೆ. ಯಾವ ವೇಗಕ್ಕಾಗಿ ಜೆಟ್ ಕಟ್ಟಿದ್ದಾರೋ ಆ ವೇಗದಲ್ಲಿ ಅದು ಹಾರುವುದು ಎಂಟು ನಿಮಿಷ. ಕಿಟಕಿ ಬದಿಯಲ್ಲಿ ಕುಳಿತವರಿಗೆ ಇದು ಕಿವಿಗೇ ತಿಳಿಯುತ್ತದೆ: ಏರುವಾಗಿನ ಎಂಜಿನ್ ಸದ್ದು ಸಮಸ್ಥಿತಿಗೆ ಬಂದು ಸ್ವಲ್ಪ ಹೊತ್ತಾಗುವಷ್ಟರಲ್ಲೇ ಮತ್ತೆ ಕುಗ್ಗುತ್ತದೆ.

ಏಟಿಆರ್‌ಗೆ 18,000 ಅಡಿ ಸಾಕು. ಹದಿನೈದು ನಿಮಿಷ ಏರಿ, ಯಾದಗಿರಿ ಸೀಮೆಯಲ್ಲಿ, ಕೃಷ್ಣೆ ಇನ್ನೂ ಮುಂದಿರುವಾಗಲೇ ಅದು ಸಮಹಾರಾಟಕ್ಕೆ ಬರುತ್ತದೆ. ಇಳಿಯಲು ಶುರುಮಾಡುವುದು ಪೆನುಕೊಂಡದ ಹತ್ತಿರ. ನಡುವಿನ 280 ಕಿ.ಮೀ. ತನಗೆ ಹೊಂದುವ ವೇಗದಲ್ಲಿ ಹಾರುತ್ತದೆ. ಮೇಲಾಗಿ 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ವೇಗಮಿತಿ ಇದೆ. ನೆಲದ ಹತ್ತಿರ ಜೆಟ್ಟಿನ ವೇಗಕ್ಕೆ ಬೆಲೆಯಿಲ್ಲ.

ಈ ಲೆಕ್ಕದಲ್ಲಿ ಜೆಟ್ ಆಕಾಶದಲ್ಲಿರುವುದು ಸುಮಾರು 46 ನಿಮಿಷ, ಏಟಿಆರ್ 61 ನಿಮಿಷ. ವ್ಯತ್ಯಾಸ ಕಾಲು ಗಂಟೆ. ಇಂಧನವನ್ನು ಅಂದಾಜಿನಲ್ಲಷ್ಟೇ ಹೇಳಬಹುದು. ಗಾಳಿ, ಹೊರೆ, ಬೆಂಗಳೂರಿನ ಮೇಲೆ ಕಾಯುವ ಹೊತ್ತು ಇವೆಲ್ಲ ಅದನ್ನು ಬದಲಿಸುತ್ತವೆ. ಇಂಥ ದೂರಕ್ಕೆ ಏಟಿಆರ್ 650ರಿಂದ 800 ಕಿಲೋ, ಎಂಬ್ರೇಯರ್ 1,000ದಿಂದ 1,200 ಕಿಲೋ ಸುಡುತ್ತದೆ ಎನ್ನಬಹುದು. ಆಸನಕ್ಕೆ ಹಂಚಿದರೆ ಒಂದರಲ್ಲಿ ಸುಮಾರು 11 ಕಿಲೋ, ಇನ್ನೊಂದರಲ್ಲಿ 22 ಕಿಲೋ. ಈ ಹನ್ನೊಂದು ಕಿಲೋ ಅಂತರ ಸುಮಾರು 14 ಲೀಟರ್. ಲೀಟರಿಗೆ 80 ರೂಪಾಯಿ ಎಂದು ಹಿಡಿದರೂ ಆಸನವೊಂದಕ್ಕೆ 1,100 ರೂಪಾಯಿ. ಉಡಾನ್ ಯೋಜನೆ ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಆಸನಗಳ ದರವನ್ನು ಆರಂಭದಲ್ಲಿ 2,500 ರೂಪಾಯಿಯ ಸುತ್ತ ಕಟ್ಟಿಹಾಕಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಈ ಇಮ್ಮಡಿ ಅಂತರವನ್ನೆಲ್ಲ ಪ್ರೊಪೆಲರಿನ ಖಾತೆಗೆ ಹಾಕುವುದು ಸರಿಯಲ್ಲ. ಎಂಬ್ರೇಯರಿನಲ್ಲಿ ಆಸನಗಳು ಕಡಿಮೆ, ಅದರ ಎಂಜಿನ್ ವಿನ್ಯಾಸ 1990ರ ದಶಕದ್ದು. 76 ಆಸನಗಳ ಎಂಬ್ರೇಯರ್ 175ರೊಡನೆ ಹೋಲಿಸಿದರೆ ಅಂತರ ತುಸು ಕಿರಿದಾಗುತ್ತದೆ, ಅಳಿಯುವುದಿಲ್ಲ.

ನರೋಣಾ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಪ್ರಯಾಣಿಕನಿಗೆ ಕಾಲು ಗಂಟೆಯ ತೂಕವೂ ಬೇರೆಯೇ. ನರೋಣಾದಿಂದ ಹೊರಟವರು ಕಲಬುರಗಿ ನಗರ ದಾಟಿ ಪೂರ್ವದಲ್ಲಿರುವ ನಿಲ್ದಾಣ ಮುಟ್ಟಲು ರಸ್ತೆಯಲ್ಲೇ ಗಂಟೆಗೂ ಹೆಚ್ಚು ಕಳೆಯುತ್ತಾರೆ. ತಪಾಸಣೆಗೆ ಮುಂಚೆ ಬರಬೇಕು, ದೇವನಹಳ್ಳಿಯಿಂದ ಬೆಂಗಳೂರಿನ ಒಳಗೆ ಹೋಗಲು ಮತ್ತೊಂದು ಗಂಟೆ ಬೇಕು. ಮನೆಯಿಂದ ಮನೆಗೆ ಐದು ಗಂಟೆಯ ಪಯಣದಲ್ಲಿ ಹದಿನೈದು ನಿಮಿಷ ಎದ್ದು ಕಾಣುವುದಿಲ್ಲ. ಸಂಸ್ಥೆಗೆ ಮಾತ್ರ ಕಾಣುತ್ತದೆ: ದಿನಕ್ಕೆ ಎಂಟು ಹಾರಾಟ ಮಾಡುವ ವಿಮಾನಕ್ಕೆ ಅದು ಎರಡು ಗಂಟೆ, ಅಂದರೆ ಮತ್ತೊಂದು ಹಾರಾಟದ ಅವಕಾಶ.

ದೂರ ಬೆಳೆದಾಗ

ಸ್ಟಾರ್ ಏರ್ 2020ರಲ್ಲಿ ಕಲಬುರಗಿಯಿಂದ ದೆಹಲಿ ಬಳಿಯ ಹಿಂಡನ್‌ಗೆ ಅದೇ ಜೆಟ್ ಹಾರಿಸಿತು. ದೂರ ಸುಮಾರು 1,270 ಕಿ.ಮೀ. ಇಲ್ಲಿ ಏರಿಕೆ–ಇಳಿಕೆಗೆ ಹೋಗುವ 360 ಕಿ.ಮೀ. ಕಳೆದರೂ 900 ಕಿ.ಮೀ. ಸಮಹಾರಾಟ ಉಳಿಯುತ್ತದೆ. ಟರ್ಬೊಫ್ಯಾನ್ ತನ್ನ ನಿಜವಾದ ಕೆಲಸ ಮಾಡುವುದು ಇಲ್ಲಿ. ಏಟಿಆರ್‌ಗೆ ಇದೇ ದಾರಿ ಸುಮಾರು 50 ನಿಮಿಷ ಹೆಚ್ಚು ಹಿಡಿಯುತ್ತದೆ. ಅಷ್ಟೇ ಅಲ್ಲ, ತುಂಬಿದ ಆಸನಗಳೊಡನೆ ಅದರ ವ್ಯಾಪ್ತಿಯೇ 1,400 ಕಿ.ಮೀ. ಸುತ್ತಮುತ್ತ. ಮಂಜು ಕವಿದರೆ ಬೇರೆ ನಿಲ್ದಾಣಕ್ಕೆ ಹೋಗಲು ಬೇಕಾದ ಮೀಸಲು ಇಂಧನ ತುಂಬಿಸಿಕೊಂಡರೆ ಪ್ರಯಾಣಿಕರನ್ನು ಇಳಿಸಬೇಕಾದೀತು.

ಎದುರುಗಾಳಿಯೂ ನಿಧಾನದ ವಿಮಾನವನ್ನೇ ಹೆಚ್ಚು ದಂಡಿಸುತ್ತದೆ. ಗಂಟೆಗೆ 60 ಕಿ.ಮೀ. ಎದುರುಗಾಳಿ 500 ಕಿ.ಮೀ. ವೇಗವನ್ನು 440ಕ್ಕೆ ಇಳಿಸಿದರೆ ಹಿಂಡನ್ ದಾರಿಯಲ್ಲಿ ಸುಮಾರು 20 ನಿಮಿಷ ನಷ್ಟ. 800ನ್ನು 740ಕ್ಕೆ ಇಳಿಸಿದರೆ ನಷ್ಟ ಎಂಟೇ ನಿಮಿಷ. ಆದರೆ ಎತ್ತರದಲ್ಲಿ ಗಾಳಿಯ ಬೀಸು ಸಾಮಾನ್ಯವಾಗಿ ಹೆಚ್ಚು ಎಂಬುದನ್ನೂ ಕೂಡಿಸಿಕೊಳ್ಳಬೇಕು.

ಹವಾಮಾನ

ಮಳೆಗಾಲದಲ್ಲಿ ದಖನ್ನಿನ ಮೇಲೆ ನೀರು ಹೆಪ್ಪುಗಟ್ಟುವ ಮಟ್ಟ 16,000 ಅಡಿಯ ಆಸುಪಾಸು. ಏಟಿಆರ್ ಹಾರುವ ಪದರವೂ ಅದರ ಹತ್ತಿರವೇ. ಅಲಗು, ರೆಕ್ಕೆಗಳ ಮೇಲೆ ಹಿಮ ಕೂತರೆ ವೇಗ ಇಳಿಯುತ್ತದೆ. ಪೈಲಟ್ ಕೆಳಗಿಳಿದು ಹಾರಬೇಕಾದಾಗ ಲೆಕ್ಕದ ಇಂಧನ ಮೀರುತ್ತದೆ. ಜೆಟ್ ಈ ಪದರವನ್ನು ಬೇಗ ದಾಟಿ ಹೋಗುತ್ತದೆ.

ಇತಿಹಾಸ

ಎಂಜಿನ್ ಆಯ್ಕೆ ತೈಲದ ಬೆಲೆಯನ್ನು ಹಿಂಬಾಲಿಸಿದೆ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಏಟಿಆರ್ 42 (ಮೊದಲ ಹಾರಾಟ 1984), ಏಟಿಆರ್ 72 (1988) ಬಂದವು. ತೈಲ ಅಗ್ಗವಾಗಿದ್ದ 1995ರಲ್ಲಿ ಎಂಬ್ರೇಯರ್ 145 ಹಾರಿತು. ಬೆಂಗಳೂರಿನ ರಾಷ್ಟ್ರೀಯ ಅಂತರಿಕ್ಷ ಪ್ರಯೋಗಾಲಯ ತನ್ನ 14 ಆಸನಗಳ ಸರಸ್ ವಿಮಾನಕ್ಕೆ ಟರ್ಬೊಪ್ರಾಪನ್ನೇ ಆರಿಸಿತು. ಆದರೆ ಪ್ರೊಪೆಲರನ್ನು ಎಂಜಿನ್ ಹಿಂದೆ ಇಟ್ಟಿತು. ಇದರಿಂದ ರೆಕ್ಕೆಯ ಮೇಲಿನ ಗಾಳಿ ಕದಡದೆ ಉಳಿಯುತ್ತದೆ, ಒಳಗೆ ಸದ್ದು ತಗ್ಗುತ್ತದೆ. ಬದಲಿಗೆ ಅಲಗುಗಳು ಎಂಜಿನ್ ಆಸರೆ ಕದಡಿದ ಗಾಳಿಯಲ್ಲಿ, ಬಿಸಿ ಹೊಗೆಯಲ್ಲಿ ತಿರುಗಬೇಕಾಗುತ್ತದೆ. ದಕ್ಷತೆಯ ಒಂದು ಪಾಲು ಅಲ್ಲಿ ಹೋಗುತ್ತದೆ. 2004ರ ಮೇ 29ರಂದು ಸರಸ್ ಮೊದಲ ಬಾರಿ ಹಾರಿತು. 2009ರ ಮಾರ್ಚ್ 6ರಂದು ಎರಡನೇ ಮಾದರಿ ಬಿಡದಿ ಬಳಿ, ಎಂಜಿನನ್ನು ಆಕಾಶದಲ್ಲೇ ಮರುಚಾಲನೆ ಮಾಡುವ ಪರೀಕ್ಷೆಯಲ್ಲಿ ಬಿದ್ದು ಮೂವರು ಸಿಬ್ಬಂದಿ ಮೃತರಾದರು.

ತೆರಿಗೆ ಮತ್ತು ಶುಲ್ಕ

ಕೇಂದ್ರದ ಮಾರಾಟ ತೆರಿಗೆ ಕಾನೂನಿನಲ್ಲಿ ವಿಮಾನ ಇಂಧನದ ರಿಯಾಯಿತಿ ಮೊದಲು ಟರ್ಬೊಪ್ರಾಪ್ ವಿಮಾನಕ್ಕೆ ಎಂದಿತ್ತು. 2007ರಲ್ಲಿ ಅದನ್ನು 40,000 ಕಿಲೋಗಿಂತ ಕಡಿಮೆ ತೂಕದ ವಿಮಾನಕ್ಕೆ ಎಂದು ಬದಲಿಸಲಾಯಿತು. ಭೂಸ್ಪರ್ಶ ಶುಲ್ಕದ ವಿನಾಯಿತಿಯೂ 80ಕ್ಕಿಂತ ಕಡಿಮೆ ಆಸನಗಳ ವಿಮಾನಗಳಿಗೆ ಸಿಗುತ್ತದೆ. ಆಸನಕ್ಕೆ ಎರಡು ಪಟ್ಟು ಇಂಧನ ಸುಡುವ ಸಣ್ಣ ಜೆಟ್ಟೂ, ಟರ್ಬೊಪ್ರಾಪೂ ಹೀಗೆ ಒಂದೇ ಸಾಲಿಗೆ ಬಂದಿವೆ. ಕಲಬುರಗಿಯಂಥ ಮಾರ್ಗದಲ್ಲಿ ಜೆಟ್ ಹಾರಿಸಲು ಸಾಧ್ಯವಾದುದಕ್ಕೆ ಇದೂ ಒಂದು ಕಾರಣವಿರಬೇಕು. ಇಂಧನದ ದೃಷ್ಟಿಯಿಂದ ಮಾತ್ರ 500 ಕಿ.ಮೀ. ಒಳಗಿನ ಹಾರಾಟಕ್ಕೆ ಟರ್ಬೊಪ್ರಾಪೇ ತಕ್ಕದ್ದು. 500ರಿಂದ 900 ಕಿ.ಮೀ.ವರೆಗೆ ತೀರ್ಮಾನ ಆಯಾ ಕಾಲದ ತೈಲ ಬೆಲೆಗೆ ಸೇರಿದ್ದು. ಅದರಾಚೆಗೆ ಟರ್ಬೊಫ್ಯಾನ್ ಸರಿಯಾದ ಆಯ್ಕೆ.