ಮಾರುಕಟ್ಟೆ ಸ್ಥಿತಿ ನಿರ್ಣಯ

ಷೇರು ಸೂಚ್ಯಂಕವು ಒಂದೇ ದಿಕ್ಕಿನಲ್ಲಿ ಸಾಗುತ್ತಿದೆಯೋ ಅಥವಾ ಎರಡು ಮಟ್ಟಗಳ ನಡುವೆ ಹೊಯ್ದಾಡುತ್ತಿದೆಯೋ ಎಂಬುದನ್ನು ಅಳೆದು, ಅದಕ್ಕೆ ತಕ್ಕಂತೆ ವಹಿವಾಟಿನ ನಿಯಮಗಳನ್ನು ಬದಲಿಸುವ ವಿಧಾನ. ದಿಕ್ಕಿನ ಬಲವನ್ನು ತಿಳಿಯಲು ಜೆ. ವೆಲ್ಸ್ ವೈಲ್ಡರ್ 1978ರಲ್ಲಿ ಪ್ರಕಟಿಸಿದ ಎಡಿಎಕ್ಸ್ ಸೂಚಕವನ್ನು ಸಾಮಾನ್ಯವಾಗಿ 14 ದಿನಗಳ ಬೆಲೆಗಳಿಂದ ಲೆಕ್ಕಹಾಕಲಾಗುತ್ತದೆ. ಇದು ಬಲವನ್ನಷ್ಟೇ ಹೇಳುವುದರಿಂದ ಬೆಲೆ ಕುಸಿಯುವಾಗಲೂ ಏರಬಲ್ಲದು. ಎರಡನೆಯ ಅಳತೆಯಾದ ಏರಿಳಿತದ ಪರ್ಸೆಂಟೈಲ್, ಇಂದಿನ ಏರಿಳಿತವು ಕಳೆದ ಒಂದು ವರ್ಷದ ಎಷ್ಟು ಪಾಲು ದಿನಗಳಿಗಿಂತ ಹೆಚ್ಚಿದೆ ಎಂಬುದನ್ನು ತೋರಿಸುತ್ತದೆ.

ಉದಾಹರಣೆಗೆ, 24,000 ಅಂಶಗಳಲ್ಲಿರುವ ಸೂಚ್ಯಂಕದ ದಿನದ ಸರಾಸರಿ ಏರಿಳಿತ 300 ಅಂಶ, ಅಂದರೆ ಶೇ. 1.25 ಆಗಿದ್ದು, ಹಿಂದಿನ 252 ವಹಿವಾಟು ದಿನಗಳ ಪೈಕಿ 189 ದಿನ ಅದಕ್ಕಿಂತ ಕಡಿಮೆ ಇದ್ದರೆ ಪರ್ಸೆಂಟೈಲ್ 75 ಆಗುತ್ತದೆ. ಅದೇ ದಿನ ಎಡಿಎಕ್ಸ್ 28 ಇದ್ದರೆ ಪ್ರವೃತ್ತಿಯನ್ನು ಅನುಸರಿಸುವ ನಿಯಮಗಳು ಜಾರಿಗೆ ಬರುತ್ತವೆ. ಏರಿಳಿತ ಹೆಚ್ಚಿರುವುದರಿಂದ ಸ್ಟಾಪ್‌ಲಾಸನ್ನು ದೂರವಿರಿಸಿ, ಖರೀದಿಯ ಪ್ರಮಾಣವನ್ನು ತಗ್ಗಿಸಲಾಗುತ್ತದೆ. ಎಡಿಎಕ್ಸ್ ಮರುವಾರ 23ಕ್ಕೆ ಇಳಿದರೂ ನಿಯಮಗಳು ಬದಲಾಗುವುದಿಲ್ಲ. ಪ್ರವೇಶಕ್ಕೆ 25, ನಿರ್ಗಮನಕ್ಕೆ 20 ಎಂಬ ಎರಡು ಗಡಿಗಳನ್ನು ಇಡುವುದು ಇಲ್ಲಿನ ಅತಿ ಮುಖ್ಯ ಹೆಜ್ಜೆ. ಒಂದೇ ಗಡಿಯಿದ್ದರೆ ನಿಯಮಗಳು ದಿನದಿನವೂ ಅತ್ತಿತ್ತ ಬದಲಾಗಿ ದಲ್ಲಾಳಿ ಶುಲ್ಕವೇ ಲಾಭವನ್ನು ನುಂಗುತ್ತದೆ. 20ಕ್ಕಿಂತ ಕೆಳಗಿಳಿದ ಮೇಲೆ, ಕೆಳಮಟ್ಟದಲ್ಲಿ ಕೊಂಡು ಮೇಲ್ಮಟ್ಟದಲ್ಲಿ ಮಾರುವ ನಿಯಮಗಳಿಗೆ ಮರಳಲಾಗುತ್ತದೆ.

ಎರಡು ಬಾರಿ ಸರಾಸರಿಗೊಳಿಸಿದ ಅಂಕಿಯಾದ್ದರಿಂದ ಎಡಿಎಕ್ಸ್ ತಡವಾಗಿ ಸ್ಪಂದಿಸುತ್ತದೆ, ಹಠಾತ್ ತಿರುವನ್ನು ಅದು ಮುಂಚಿತವಾಗಿ ಸೂಚಿಸುವುದಿಲ್ಲ.