ಹೆರಿಗೆ ರಜೆಯ ದಿನಾಂಕ ನಿರ್ಣಯ (ಭಾರತ)

ವಾರಗಳ ಲೆಕ್ಕದಲ್ಲಿ ಸಿಗುವ ಹೆರಿಗೆ ರಜೆಯನ್ನು ಆರಂಭದ ದಿನ ಮತ್ತು ಕೆಲಸಕ್ಕೆ ಹಾಜರಾಗುವ ದಿನಗಳಾಗಿ ಗೊತ್ತುಮಾಡುವ ಕ್ರಮ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಂತೆ ರಜೆ ಗರಿಷ್ಠ 26 ವಾರ. ಅದರಲ್ಲಿ ನಿರೀಕ್ಷಿತ ಹೆರಿಗೆ ದಿನಕ್ಕೆ ಮುಂಚೆ 8 ವಾರಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ತಾಯಿಗೆ ಒಟ್ಟು 12 ವಾರ, ಮುಂಚಿನ ಮಿತಿ 6 ವಾರ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೇ ಮಿತಿಗಳಿವೆ.

ವಾರ ಎಂದರೆ ಏಳು ದಿನ. ತೋಟದ ಕಾರ್ಮಿಕಳೊಬ್ಬಳಿಗೆ ಮಾಲೀಕರು 12 ಭಾನುವಾರಗಳನ್ನು ಕಳೆದು 84ರ ಬದಲು 72 ದಿನಗಳ ಹಣವನ್ನಷ್ಟೇ ಕೊಟ್ಟಿದ್ದರು. ಭಾನುವಾರವೂ ವಾರದೊಳಗೇ ಸೇರುತ್ತದೆ, ಅದಕ್ಕೂ ಹಣ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಬಿ. ಶಾ ಪ್ರಕರಣದಲ್ಲಿ ತೀರ್ಪಿತ್ತಿತು. ಆದ್ದರಿಂದ 26 ವಾರ ಎಂದರೆ 182 ದಿನ. ವಾರದ ರಜೆ, ಹಬ್ಬದ ರಜೆಗಳನ್ನು ಅದರಿಂದ ಬಿಡಿಸುವುದಿಲ್ಲ.

ಲೆಕ್ಕದ ಕ್ರಮ. ವೈದ್ಯರು ಕೊಟ್ಟ ಹೆರಿಗೆ ದಿನ 2026ರ ಜೂನ್ 15, ಸೋಮವಾರ ಎಂದುಕೊಳ್ಳೋಣ. ಅದರಿಂದ 56 ದಿನ ಹಿಂದಕ್ಕೆ ಎಣಿಸಿದರೆ ಏಪ್ರಿಲ್ 20 ಬರುತ್ತದೆ. ರಜೆ ಆರಂಭಿಸಬಹುದಾದ ಮೊದಲ ದಿನ ಅದು. ಅಂದೇ ರಜೆ ಹಾಕಿದರೆ, ಆ ದಿನಕ್ಕೆ 182 ಕೂಡಿಸಿದಾಗ ಅಕ್ಟೋಬರ್ 19 ಸಿಗುತ್ತದೆ. ಇದು ಕೆಲಸಕ್ಕೆ ಹಾಜರಾಗುವ ದಿನ. ರಜೆಯ ಕೊನೆಯ ದಿನ ಅಕ್ಟೋಬರ್ 18. ಆರಂಭದ ದಿನವೂ ರಜೆಯಲ್ಲಿ ಸೇರುವುದರಿಂದ ಈ ಎರಡನ್ನು ಅದಲುಬದಲು ಮಾಡಿಕೊಳ್ಳುವುದು ಹೆಚ್ಚು. ಎಕ್ಸೆಲ್‌ನಲ್ಲಿ ಆರಂಭದ ದಿನ A1ನಲ್ಲಿದ್ದರೆ, ಹಾಜರಾಗುವ ದಿನದ ಸೂತ್ರ:

```
=A1+182
```

ತಾಳೆ ನೋಡುವುದು ಸುಲಭ: ಸೋಮವಾರ ಶುರುವಾದ ರಜೆ ಮುಗಿದು ಹಾಜರಾಗುವ ದಿನವೂ ಸೋಮವಾರವೇ ಆಗಬೇಕು. ವಾರ ಬೇರೆ ಬಂದರೆ ಎಣಿಕೆ ತಪ್ಪಿದೆ.

ಹೆರಿಗೆ ಹಿಂದುಮುಂದಾದಾಗ. ಮೇಲಿನ ತಾಯಿಗೆ ಜೂನ್ 25ರಂದು ಹೆರಿಗೆಯಾದರೂ ಹಾಜರಾಗುವ ದಿನ ಬದಲಾಗದು, ಏಕೆಂದರೆ ಒಟ್ಟು ಮಿತಿ 26 ವಾರವೇ. ಹೆರಿಗೆಯ ದಿನವೂ ಸೇರಿ ಮಗುವಿನೊಂದಿಗೆ ಸಿಗುವ ರಜೆ ಮಾತ್ರ 126ರಿಂದ 116 ದಿನಕ್ಕೆ ಇಳಿಯುತ್ತದೆ. ಆಕೆ ಜೂನ್ 8ರಿಂದ ರಜೆ ಹಾಕಲು ಯೋಚಿಸಿ, ಕೆಲಸದಲ್ಲಿರುವಾಗಲೇ ಮೇ 28ರಂದು ಹೆರಿಗೆಯಾದರೆ, ಎಣಿಕೆ ಹೆರಿಗೆಯ ದಿನದಿಂದಲೇ ಶುರು. ಹಾಜರಾಗುವ ದಿನ ನವೆಂಬರ್ 26. ಹೆರಿಗೆಯಾದ ಮೇಲಿನ ಆರು ವಾರ ಆಕೆಯನ್ನು ಕೆಲಸಕ್ಕೆ ಹಚ್ಚುವಂತಿಲ್ಲ.

ತಿಂಗಳ ಲೆಕ್ಕದ ತಪ್ಪು. 26 ವಾರವನ್ನು ಆರು ತಿಂಗಳೆಂದು ಹಿಡಿದರೆ ದಿನಾಂಕ ಜಾರುತ್ತದೆ. ಸೆಪ್ಟೆಂಬರ್ 1ರಿಂದ ಮಾರ್ಚ್ 1ಕ್ಕೆ ಸಾಮಾನ್ಯ ವರ್ಷದಲ್ಲಿ 181 ದಿನ, ತಾಯಿಗೆ ಒಂದು ದಿನ ನಷ್ಟ. ಜುಲೈ 1ರಿಂದ ಜನವರಿ 1ಕ್ಕೆ 184 ದಿನ. ಕೇಂದ್ರ ಹಾಗೂ ಕರ್ನಾಟಕ ಸರ್ಕಾರದ ನೌಕರರ ಸೇವಾ ನಿಯಮಗಳಲ್ಲಿ ರಜೆ ಇರುವುದು 180 ದಿನ. ಅವರು ಆರಂಭದ ದಿನಕ್ಕೆ 182 ಅಲ್ಲ, 180 ಕೂಡಿಸಬೇಕು.