ವಿಸ್ತೃತ ಉತ್ಪಾದಕ ಹೊಣೆಗಾರಿಕೆ (ಪ್ಲಾಸ್ಟಿಕ್ ಪ್ಯಾಕೇಜಿಂಗ್)

ಪೊಟ್ಟಣವನ್ನು ಮಾರುಕಟ್ಟೆಗೆ ಬಿಟ್ಟವರೇ ಅದು ಕಸವಾದ ಮೇಲಿನ ವಿಲೇವಾರಿಗೂ ಹೊಣೆಯಾಗಬೇಕೆಂಬ ಕಾನೂನು ವ್ಯವಸ್ಥೆ. ಭಾರತದಲ್ಲಿ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿದ್ದ ಈ ಹೊಣೆಗೆ 2022ರ ತಿದ್ದುಪಡಿ ಸ್ಪಷ್ಟ ಗುರಿಗಳನ್ನು ಕೊಟ್ಟಿತು. ಉತ್ಪಾದಕರು, ಆಮದುದಾರರು ಮತ್ತು ಬ್ರ್ಯಾಂಡ್ ಮಾಲೀಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಹಿಂದಿನ ಎರಡು ವರ್ಷಗಳ ಮಾರಾಟದ ಸರಾಸರಿಯೇ ಹೊಣೆಯ ಮುಖ್ಯ ಆಧಾರ. ಬಹುಪದರ ಪ್ಲಾಸ್ಟಿಕ್‌ನಲ್ಲಿ ಚಿಪ್ಸ್ ತುಂಬುವ ಕಂಪನಿಗೆ 2024-25ರಲ್ಲಿ 100 ಟನ್ ಹೊಣೆ ಬಿದ್ದರೆ, ಕನಿಷ್ಠ 30 ಟನ್ ಮರುಬಳಕೆಯಾಗಬೇಕು. ಉಳಿದದ್ದು ಸಿಮೆಂಟ್ ಗೂಡಿಗೋ ರಸ್ತೆಗೋ ಹೋಗಬಹುದು. ಕಂಪನಿಯೇ ಕಸ ಆಯಬೇಕಿಲ್ಲ, ನೋಂದಾಯಿತ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡರೆ ಸಾಕು.

ದುರ್ಬಲ ಕೊಂಡಿ ಇದೇ. 2023ರಲ್ಲಿ ಮಂಡಳಿಯ ತಪಾಸಣೆ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳನ್ನು ಪತ್ತೆಹಚ್ಚಿತು. ಘಟಕದ ಯಂತ್ರಗಳ ಸಾಮರ್ಥ್ಯ, ವಿದ್ಯುತ್ ಬಳಕೆಗಳೊಂದಿಗೆ ತಾಳೆ ನೋಡಿದರೆ ಇಂಥ ಮೋಸ ಬಯಲಾಗುತ್ತದೆ. ಕಂಪನಿ ಹೊರುವ ವಿಲೇವಾರಿಯ ವೆಚ್ಚ ಕೊನೆಗೆ ಗ್ರಾಹಕನ ಮೇಲೇ ಬೀಳುತ್ತದೆಂಬ ಆಕ್ಷೇಪ ನಿಜವೇ. ಆದರೆ ಈವರೆಗೆ ಅದನ್ನು ಚಿಪ್ಸ್ ತಿನ್ನದವರೂ ಪುರಸಭೆಯ ತೆರಿಗೆಯಾಗಿ ಕಟ್ಟುತ್ತಿದ್ದರು; ಬೆಲೆಯಲ್ಲಿ ಸೇರಿದಾಗಲೇ ಹಗುರ, ಏಕಪದರದ ಪೊಟ್ಟಣ ಕಂಪನಿಗೆ ಲಾಭವೆನಿಸುತ್ತದೆ. ಗುರಿ ತಪ್ಪಿದವರು ಪರಿಸರ ಪರಿಹಾರ ತೆತ್ತರೂ ಬಾಕಿ ಹೊಣೆ ಮುಂದಿನ ವರ್ಷಕ್ಕೆ ಉಳಿಯುತ್ತದೆ.